ಬಾಲಕರ ಹಾಸ್ಟೆಲ್ ರೂಮ್ 214ರ ಬೆಂಕಿ: ವಾರ್ಡನ್ ವರದಿ

ಮಾನ್ಯ ಪ್ರಾಂಶುಪಾಲರಿಗೆ,

ನಿನ್ನೆ ರಾತ್ರಿ 9.40ರ ಸುಮಾರಿಗೆ ಎರಡನೇ ಮಹಡಿಯ ರೂಮ್ 214ರಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹತ್ತಿತು. ಯಾರಿಗೂ ಗಾಯವಾಗಿಲ್ಲ. ಹೊಗೆ ಕುಡಿದು ಕೆಮ್ಮುತ್ತಿದ್ದ ಒಬ್ಬ ಹುಡುಗನನ್ನು ಆಸ್ಪತ್ರೆಗೆ ತೋರಿಸಿದೆವು, ಈಗ ಆರಾಮಾಗಿದ್ದಾನೆ.

6 ಆಂಪಿಯರ್‌ನ ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿಗೆ 1500 ವಾಟ್ ಕೆಟಲ್, 1000 ವಾಟ್ ಇಸ್ತ್ರಿಪೆಟ್ಟಿಗೆ ಎರಡನ್ನೂ ಹಾಕಿದ್ದರು. ಅಂದರೆ ಸುಮಾರು 11 ಆಂಪಿಯರ್ ಕರೆಂಟ್. ವೈರ್ ಕಾದು, ಪ್ಲಾಸ್ಟಿಕ್ ಕರಗಿ, ಒಳಗಿನ ತಂತಿಗಳು ಒಂದಕ್ಕೊಂದು ತಾಗಿವೆ. ಕಿಡಿ ಪಕ್ಕದ ಹಾಸಿಗೆಗೆ ಬಿದ್ದಿದೆ. ಹುಡುಗರದ್ದಷ್ಟೇ ತಪ್ಪು ಅನ್ನಲಾಗದು. ಆ ಸಾಲಿಗೆ 32 ಆಂಪಿಯರ್ ಎಂಸಿಬಿ ಹಾಕಲಾಗಿದೆ. ಅಷ್ಟು ದೊಡ್ಡದಾದರೆ ಇಂಥ ಓವರ್‌ಲೋಡಿಗೆ ಅದು ಟ್ರಿಪ್ ಆಗುವುದಾದರೂ ಹೇಗೆ? ಇದನ್ನು ಎಲೆಕ್ಟ್ರಿಷಿಯನ್ ಬೆಳಿಗ್ಗೆ ನೋಡಿ ಖಚಿತಪಡಿಸಿದ್ದಾರೆ.

ಹುಡುಗರು ಬಕೆಟ್ ನೀರು ತಂದಿದ್ದರು. ತಡೆದು, ಮೊದಲು ಮೇನ್ ಆಫ್ ಮಾಡಿಸಿದೆ. ವಾಚ್‌ಮನ್ ಗಂಟೆ ಬಾರಿಸಿದರು. ಎರಡೂ ಮೆಟ್ಟಿಲುಗಳಿಂದ 86 ಮಂದಿ ಏಳು ನಿಮಿಷದಲ್ಲಿ ಮೈದಾನ ಸೇರಿದರು. ಕಾಲಿಗೆ ಪ್ಲಾಸ್ಟರ್ ಹಾಕಿದ್ದ ಹುಡುಗನನ್ನು ಅವನ ರೂಮಿನವರೇ ಹೊತ್ತು ತಂದರು, ಅವರನ್ನು ಮೆಚ್ಚಲೇಬೇಕು. ಹಿಂದಿನ ಮೆಟ್ಟಿಲಿನ ಕೆಳಗೆ ಹಳೇ ಮಂಚಗಳನ್ನು ಪೇರಿಸಿದ್ದರಿಂದ ಅಲ್ಲಿ ನೂಕುನುಗ್ಗಲಾಯಿತು. ಹಾಜರಿ ಪುಸ್ತಕ ಹಿಡಿದು ಎಲ್ಲರ ಹೆಸರು ಕೂಗಿದೆ. 101ಕ್ಕೆ ಕರೆ ಮಾಡಿದ್ದೆವು. ಅಗ್ನಿಶಾಮಕ ವಾಹನ ಬರುವಷ್ಟರಲ್ಲಿ, ಬೆಂಕಿ ನಂದಿಸುವ ಸಿಲಿಂಡರ್ ಬಳಸಿದ್ದರಿಂದ ಬೆಂಕಿ ಬಹುತೇಕ ಆರಿತ್ತು.

ಎರಡು ಹಾಸಿಗೆ, ಒಂದು ಮೇಜು, ಕಿಟಕಿ ಪರದೆ, ಒಂದು ಲ್ಯಾಪ್‌ಟಾಪ್, ಬಟ್ಟೆ ಸುಟ್ಟಿವೆ. ಗೋಡೆ ಕಪ್ಪಾಗಿದೆ. ಅಂದಾಜು ನಷ್ಟ 68,000 ರೂಪಾಯಿ. ಒಬ್ಬನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯೂ ಸುಟ್ಟಿದೆ. ನಕಲು ಪ್ರತಿಗೆ ಕಾಲೇಜಿನಿಂದ ಇವತ್ತೇ ಪತ್ರ ಕೊಡಿ.

ಆ ರೂಮಿನ ಮೂವರು ಸದ್ಯ 109ರಲ್ಲಿದ್ದಾರೆ. ಎಂಸಿಬಿ ಬದಲಿಸುವವರೆಗೆ ಆ ಸಾಲಿನ ಕರೆಂಟ್ ಕೊಡುವುದಿಲ್ಲ. ಮಂಚಗಳನ್ನು ಇವತ್ತು ಸಂಜೆಯೊಳಗೆ ತೆಗೆಸುತ್ತೇನೆ.

ವಾರ್ಡನ್, ಬಾಲಕರ ಹಾಸ್ಟೆಲ್