ಆಲೆಮನೆ ಲೆಟರ್‌ಹೆಡ್, ವಿಸಿಟಿಂಗ್ ಕಾರ್ಡ್: ಪ್ಲೇಟ್‌ಗೆ ಹೋಗುವ ಮುಂಚೆ

ನೋಡಪ್ಪ, ನೀನು ಕಳಿಸಿದ ಎರಡೂ ಫೈಲ್ ನಿನ್ನೆ ರಾತ್ರಿ ನೋಡಿದೆ. ಬೆಳಿಗ್ಗೆ ಪ್ರಿಂಟ್ ತೆಗೆದು, ಸ್ಕೇಲ್ ಇಟ್ಟು ಇನ್ನೊಂದು ಸಲ ನೋಡಿದೆ. ಲೋಗೋ ಚೆನ್ನಾಗಿದೆ. ಕಬ್ಬಿನ ಗಿಣ್ಣನ್ನು ಬೆಲ್ಲದ ಅಚ್ಚಿನ ಜೊತೆ ಸೇರಿಸಿದ್ದೀಯಲ್ಲ, ಅದನ್ನು ಇನ್ನು ಮುಟ್ಟಬೇಡ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ಮನೆಯವು ಅಂತ ಅನ್ನಿಸುವುದಿಲ್ಲ. ಕಾರ್ಡ್ ಅಂತೂ ಈಗಿರುವ ಹಾಗೆ ಕಟಿಂಗ್‌ಗೆ ಹೋಗಲೇಬಾರದು.

ಮೊದಲು ಕಾರ್ಡ್. 90×54 ಮಿ.ಮೀ. ಅಳತೆ ಸರಿ. ಆದರೆ ಫೈಲೂ ಅಷ್ಟೇ ಇದೆ, ಬ್ಲೀಡ್ ಬಿಟ್ಟೇ ಇಲ್ಲ. ಹಿಂದುಗಡೆ ಪೂರ್ತಿ ಬೆಲ್ಲದ ಬಣ್ಣ ತುಂಬಿದ್ದೀಯ. ಬ್ಲೇಡ್ ಕೂದಲಷ್ಟು ಸರಿದರೂ ಅಂಚಿನಲ್ಲಿ ಬಿಳಿ ಗೆರೆ ಬರುತ್ತೆ. ನಾಲ್ಕೂ ಕಡೆ 3 ಮಿ.ಮೀ. ಬಣ್ಣ ಹೊರಗೆ ಎಳೆದು 96×60 ಮಾಡು.

ಒಳಗಿನ ಜಾಗ ಇನ್ನೂ ಮುಖ್ಯ. ಕೆಳಗಿನ ವಿಳಾಸದ ಸಾಲು ನೋಡು. ಅಕ್ಷರದ ಬುಡದಿಂದ ಕಟಿಂಗ್ ಗೆರೆಗೆ 3 ಮಿ.ಮೀ. ಇದೆ, ಸಾಕು ಅಂದುಕೊಂಡಿರಬೇಕು ನೀನು. ಇಂಗ್ಲಿಷ್ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಕನ್ನಡದಲ್ಲಿ ಒತ್ತು ಕೆಳಗೆ ಇಳಿಯುತ್ತೆ ಅಲ್ವಾ? 'ಮಂಡ್ಯ'ದ ಯ-ಒತ್ತಿನ ಬಾಲ ನಾನು ಅಳೆದಾಗ ಗೆರೆಯಿಂದ ಬರೀ ಒಂದೂವರೆ ಮಿ.ಮೀ. ದೂರ ಇತ್ತು. ಕತ್ತರಿ ಒಂಚೂರು ಒಳಗೆ ಬಂದರೆ ಊರಿನ ಹೆಸರೇ ಕುಂಟುತ್ತೆ. ಅಳತೆಯನ್ನು ಒತ್ತಿನ ತುದಿಯಿಂದ ಹಿಡಿ, 4 ಮಿ.ಮೀ. ಬಿಡು. ಜಾಗ ಸಾಲದಿದ್ದರೆ ಆ 'ಶುದ್ಧ, ಸಾವಯವ, ಸಾಂಪ್ರದಾಯಿಕ' ಅನ್ನುವ ಸಾಲು ತೆಗಿ. ಅದನ್ನು ಯಾರೂ ಓದಲ್ಲ.

ಸುತ್ತ ಹಾಕಿರುವ ಸಣ್ಣ ಬಾರ್ಡರ್ ಬೇಡ. ಅಂಚಿಗೆ ಅಷ್ಟು ಹತ್ತಿರ ಇರುವ ಬಾರ್ಡರ್ ಅರ್ಧ ಮಿ.ಮೀ. ಸರಿದರೂ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಕಾಣುತ್ತೆ. ನಾನೇ ಒಮ್ಮೆ ಸಾವಿರ ಮದುವೆ ಕಾರ್ಡ್‌ಗೆ ಇಂಥ ಬಾರ್ಡರ್ ಹಾಕಿ, ಹುಡುಗಿಯ ತಂದೆಯ ಎದುರು ತಲೆ ತಗ್ಗಿಸಿ ಕೂತಿದ್ದೆ. ಮಷೀನ್ ಬೈದು ಪ್ರಯೋಜನವಿಲ್ಲ, ಅದು ಅಷ್ಟು ಸರಿದೇ ಸರಿಯುತ್ತೆ.

ಇನ್ನು ಲೆಟರ್‌ಹೆಡ್. ಎಡಗಡೆ ಕಬ್ಬಿನ ಪಟ್ಟಿ ಅಂಚಿಗೆ ಸರಿಯಾಗಿ ನಿಂತಿದೆ. ಇದಕ್ಕೂ 3 ಮಿ.ಮೀ. ಬ್ಲೀಡ್ ಕೊಟ್ಟು 216×303 ಮಾಡು. ಆದರೆ ಆ ಪಟ್ಟಿಯ ಒಳಗೇ ಫೋನ್ ನಂಬರ್ ನಿಲ್ಲಿಸಿದ್ದೀಯಲ್ಲ, ಫೈಲ್‌ಗೆ ಹಾಕುವಾಗ ಪಂಚ್ ತೂತು ಅಲ್ಲೇ ಬೀಳುತ್ತೆ. ನಂಬರನ್ನು ಕೆಳಗಿನ ಸಾಲಿಗೆ ತಾ. ಕೆಳಗಿನ ಸಾಲು ಅಂಚಿನಿಂದ 10 ಮಿ.ಮೀ. ಮೇಲಿರಲಿ. ಆಲೆಮನೆಯವರು ವರ್ಡ್ ಫೈಲ್ ಕೂಡ ಕೇಳಿದ್ದಾರೆ. ಅವರ ಆಫೀಸಿನ ಪ್ರಿಂಟರ್ ಅಂಚಿನವರೆಗೂ ಪ್ರಿಂಟ್ ಮಾಡಲ್ಲ, ಆ ಫೈಲ್‌ಗೆ ಪಟ್ಟಿ ಇಲ್ಲದ ವಿನ್ಯಾಸ ಬೇರೆ ಕೊಡು. ನಡುವಿನ ವಾಟರ್‌ಮಾರ್ಕ್ ಜಾಸ್ತಿ ಆಯಿತು, 5 ಪರ್ಸೆಂಟ್‌ಗೆ ಇಳಿಸು. ಮೇಲೆ ಟೈಪ್ ಮಾಡಿದ ಪತ್ರ ಓದುವ ಹಾಗಿರಬೇಕು.

ಎರಡಕ್ಕೂ ಹೊಂದಿಕೆ ಇಲ್ಲ ಅಂದೆನಲ್ಲ, ಅದು ಇಲ್ಲಿದೆ. ಕಾರ್ಡ್‌ನ ಕಂದು C 30 M 65 Y 100 K 30. ಲೆಟರ್‌ಹೆಡ್‌ನದು ಇನ್ನೂ RGB ಆಗಿಯೇ ಉಳಿದಿದೆ, ಪ್ರಿಂಟ್‌ನಲ್ಲಿ ಕೆಂಪಗೆ ತಿರುಗಿದೆ. ಕಾರ್ಡ್‌ನ ಲೆಕ್ಕವನ್ನೇ ಎರಡಕ್ಕೂ ಇಡು. ಕಾರ್ಡ್‌ನಲ್ಲಿ ಫೋನ್ ಕನ್ನಡ ಅಂಕಿಯಲ್ಲಿದೆ, ಲೆಟರ್‌ಹೆಡ್‌ನಲ್ಲಿ ಇಂಗ್ಲಿಷ್ ಅಂಕಿ. ನನಗೆ ಕನ್ನಡ ಅಂಕಿ ಇಷ್ಟ. ಆದರೆ ಆರ್ಡರ್ ಹೊರರಾಜ್ಯದಿಂದಲೂ ಬರುತ್ತಂತೆ, ಹಾಗಾಗಿ ನಂಬರ್ ಇಂಗ್ಲಿಷ್ ಅಂಕಿಯಲ್ಲೇ ಇರಲಿ, ಎರಡರಲ್ಲೂ ಐದೈದಾಗಿ ಬಿಡಿಸಿ ಬರೆ. ಲೋಗೋ ಒಂದರಲ್ಲಿ ಎಡಕ್ಕೆ, ಒಂದರಲ್ಲಿ ನಡುವೆ ಇದೆ. ಎಡಕ್ಕೇ ಇಡು.

ಸಣ್ಣ ಅಕ್ಷರದ ಕಪ್ಪು ನಾಲ್ಕು ಬಣ್ಣ ಬೆರೆತು ಬಂದಿದೆ. K 100 ಮಾತ್ರ ಇಡು. ಇಲ್ಲದಿದ್ದರೆ ಪ್ಲೇಟ್ ಚೂರು ಸರಿದಾಗ ಒತ್ತಕ್ಷರಗಳಿಗೆ ನೆರಳು ಹುಟ್ಟುತ್ತೆ.

ಒಂದು ದೊಡ್ಡ ತಪ್ಪು ಕೊನೆಗೆ ಉಳಿಸಿದ್ದೆ. ಜಿಎಸ್‌ಟಿ ನಂಬರ್ ಎಣಿಸಿದೆಯಾ? 15 ಇರಬೇಕು, ನೀನು ಹಾಕಿರುವುದು 14. ಆಲೆಮನೆ ಯಜಮಾನರಿಂದ ಸರ್ಟಿಫಿಕೇಟ್ ಫೋಟೋ ತರಿಸಿಕೊಂಡು ನೋಡಿ ಹಾಕು, ಫೋನಲ್ಲಿ ಕೇಳಿ ಬರೆಯಬೇಡ.

ತಿದ್ದಾದ ಮೇಲೆ ಕೋರೆಲ್‌ಡ್ರಾದಲ್ಲಿ ಅಕ್ಷರಗಳನ್ನೆಲ್ಲ Ctrl+Q ಕೊಟ್ಟು ಕರ್ವ್ಸ್ ಮಾಡು. ನಮ್ಮ ಪ್ರೆಸ್ಸಿನ ಕಂಪ್ಯೂಟರ್‌ನಲ್ಲಿ ನಿನ್ನ ಫಾಂಟ್ ಇಲ್ಲ, ಒತ್ತುಗಳೆಲ್ಲ ಚೆಲ್ಲಾಪಿಲ್ಲಿ ಆಗುತ್ತವೆ. ಆದರೆ ಮೂಲ ಫೈಲ್ ಬೇರೆ ಇಟ್ಟುಕೋ. ಬುಧವಾರ ಸಂಜೆಯೊಳಗೆ ಪಿಡಿಎಫ್ ಕಳಿಸು. ಗುರುವಾರ ಬೆಳಿಗ್ಗೆ ಪ್ಲೇಟ್ ಮಾಡಿಸುತ್ತೇನೆ. ಮೈಸೂರಿಗೆ ಬರುವುದಿದ್ದರೆ ಮೊದಲ ಶೀಟ್ ಬರುವಾಗ ನೀನೂ ಮಷೀನ್ ಹತ್ತಿರ ಇರು.