ಮನೆಯಿಂದಲೇ ಆನ್‌ಲೈನ್ ಮಾರಾಟ: ಕಟಪಾಡಿಯ ಸ್ವಸಹಾಯ ಸಂಘದ ಮಾಸಿಕ ಸಭೆಯ ಭಾಷಣ

ಸಂಘದ ಅಧ್ಯಕ್ಷರೇ, ಹಿರಿಯರೇ ಹಾಗೂ ಸಹೋದರಿಯರೇ, ಎಲ್ಲರಿಗೂ ನಮಸ್ಕಾರ.

ಹಲಸಿನ ಹಪ್ಪಳ ಮನೆಮನೆಯಲ್ಲೂ ಆಗುವ ನಮ್ಮ ಊರಿನಲ್ಲಿ ಅದಕ್ಕೆ ತಕ್ಕ ಬೆಲೆ ಹುಟ್ಟುವುದು ಕಷ್ಟ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ನೆಲೆಸಿರುವ ಕರಾವಳಿಯವರು ಅದನ್ನೇ ಹುಡುಕುತ್ತಿರುತ್ತಾರೆ. ಅವರನ್ನು ತಲುಪಲು ಮೊದಲ ದಿನವೇ ದೊಡ್ಡ ಆನ್‌ಲೈನ್ ಮಾರಾಟ ತಾಣಗಳಿಗೆ ಹೋಗಬೇಕಾಗಿಲ್ಲ. ಉಚಿತವಾಗಿ ಸಿಗುವ ವಾಟ್ಸ್ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗ್‌ನಲ್ಲಿ ಒಂದೇ ಒಂದು ಉತ್ಪನ್ನದ ಚಿತ್ರ, ತೂಕ ಮತ್ತು ಬೆಲೆ ಹಾಕಿ, ಪರಿಚಿತರಿಂದಲೇ ಆರಂಭಿಸಿರಿ.

ನಾವು ಹೆಚ್ಚಾಗಿ ಎಡವುವುದು ಬೆಲೆಯಲ್ಲಿ. ನೂರು ಹಪ್ಪಳದ ಪೊಟ್ಟಣಕ್ಕೆ ಸಾಮಗ್ರಿ 70 ರೂಪಾಯಿ, ಕವರು ಮತ್ತು ಲೇಬಲ್ 10, ರಟ್ಟಿನ ಪೆಟ್ಟಿಗೆ 15, ನಿಮ್ಮ ದುಡಿಮೆ 60 ಎಂದಿಟ್ಟುಕೊಂಡರೆ ಅಸಲೇ 155 ರೂಪಾಯಿ ಆಗುತ್ತದೆ. ಅದನ್ನು ನೂರೈವತ್ತಕ್ಕೆ ಕೊಟ್ಟು ಲಾಭವಾಯಿತೆಂದು ಭಾವಿಸುವವರು ತಮ್ಮ ಕೂಲಿಯನ್ನೇ ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಅಂಚೆ ಅಥವಾ ಕೊರಿಯರ್ ವೆಚ್ಚವನ್ನು ಪ್ರತ್ಯೇಕವಾಗಿ, ಮೊದಲೇ ತಿಳಿಸಿರಿ. ಮಳೆಗಾಲದಲ್ಲಿ ತೇವ ತಗುಲದಂತೆ ಒಳಗಿನ ಕವರನ್ನು ಬಿಸಿಯಿಂದ ಮುಚ್ಚುವ ಸೀಲಿಂಗ್ ಯಂತ್ರವೊಂದನ್ನು ಸಂಘದ ವತಿಯಿಂದ ಕೊಂಡರೆ ಎಲ್ಲರಿಗೂ ಉಪಯೋಗವಾದೀತು.

ತಿನಿಸು ಮಾರುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ ನೋಂದಣಿ ಕಡ್ಡಾಯ. ಅದರ 14 ಅಂಕೆಗಳ ಸಂಖ್ಯೆ, ಬಳಸಿದ ಪದಾರ್ಥಗಳು, ನಿವ್ವಳ ತೂಕ, ತಯಾರಿಸಿದ ದಿನಾಂಕ, ಎಲ್ಲಿಯವರೆಗೆ ಬಳಸಬಹುದು ಎಂಬುದು, ನಿಮ್ಮ ವಿಳಾಸ ಹಾಗೂ ಬೆಲೆ ಲೇಬಲ್ಲಿನ ಮೇಲಿರಬೇಕು.

ಕೈ ಕುದುರಿದ ಮೇಲೆ ದೊಡ್ಡ ಮಾರಾಟ ತಾಣಗಳನ್ನು ಯೋಚಿಸಬಹುದು. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಮಾರಾಟಗಾರರು ಅಂತಹ ತಾಣಗಳ ಮೂಲಕ ರಾಜ್ಯದೊಳಗೆ ಸರಕು ಮಾರಲು 2023ರ ಅಕ್ಟೋಬರ್ 1ರಿಂದ ಅವಕಾಶವಿದೆ. ಇದಕ್ಕೆ ಪ್ಯಾನ್ ಕಾರ್ಡಿನ ಆಧಾರದಲ್ಲಿ ಜಿಎಸ್‌ಟಿ ಜಾಲತಾಣದಲ್ಲಿ ದಾಖಲಾತಿ ಸಂಖ್ಯೆ ಪಡೆಯಬೇಕು. ಹೊರರಾಜ್ಯಕ್ಕೆ ಮಾರಲು ಸಾಮಾನ್ಯವಾಗಿ ಪೂರ್ಣ ನೋಂದಣಿಯೇ ಬೇಕಾಗುವುದರಿಂದ ಮುಂಬೈಯ ನೆಂಟರ ಬೇಡಿಕೆ ಸದ್ಯಕ್ಕೆ ಕಾಯಲಿ. ತಾಣವು ಕಮಿಷನ್ ಎಷ್ಟು ಹಿಡಿಯುತ್ತದೆ, ಹಿಂದಿರುಗಿ ಬಂದ ಸರಕಿನ ಸಾಗಾಟ ವೆಚ್ಚ ಯಾರ ತಲೆಗೆ ಎಂಬುದನ್ನು ಓದದೆ ಒಪ್ಪಬಾರದು.

ಹಣದ ವಿಷಯದಲ್ಲಿ ಒಂದು ಎಚ್ಚರಿಕೆ. ಯುಪಿಐ ಮೂಲಕ ಹಣ ಪಡೆಯಲು ನೀವು ಪಿನ್ ಒತ್ತಬೇಕಾಗಿಲ್ಲ. ಯಾರಾದರೂ ಮುಂಗಡ ಕಳುಹಿಸುವ ನೆಪದಲ್ಲಿ ಪಿನ್ ಒತ್ತಲು ಹೇಳಿದರೆ ಅದು ಮೋಸವೇ. ಪಾವತಿಯ ಸ್ಕ್ರೀನ್‌ಶಾಟ್ ಕಂಡೊಡನೆ ಪೊಟ್ಟಣ ಕಳುಹಿಸಬೇಡಿ, ಹಣ ಖಾತೆಗೆ ಬಂದಿದೆಯೇ ಎಂದು ನೋಡಿಕೊಳ್ಳಿ.

ಇಂದು ಊಟದ ಬಳಿಕ, ಈ ಸಭಾಂಗಣದ ಕಿಟಕಿಯ ಬೆಳಕಿನಲ್ಲಿ ಬಿಳಿ ಬಟ್ಟೆ ಹಾಸಿ, ನೀವು ತಂದಿರುವ ಹಪ್ಪಳ ಮತ್ತು ಪುನರ್ಪುಳಿ ಶರಬತ್ತಿನ ಬಾಟಲಿಗಳ ಚಿತ್ರ ತೆಗೆಯೋಣ. ಮೊಬೈಲಿನ ಫ್ಲ್ಯಾಶ್ ಹಾಕಬೇಡಿ, ಬಾಟಲಿಯ ಮೇಲೆ ಬೆಳಕು ಹೊಳೆದು ಲೇಬಲ್ ಕಾಣಿಸುವುದಿಲ್ಲ. ಎಫ್‌ಎಸ್‌ಎಸ್‌ಎಐ ಅರ್ಜಿ ಸಲ್ಲಿಸಬೇಕೆಂದಿರುವವರು ಭಾವಚಿತ್ರ ಮತ್ತು ಗುರುತಿನ ಚೀಟಿಯೊಂದಿಗೆ ಕಾರ್ಯದರ್ಶಿಯವರ ಬಳಿ ಹೆಸರು ಬರೆಸಿರಿ.