ಚೀಲ ತೆರೆದರು, ಚೀಲ ಮುಚ್ಚಿದರು

ಶ್ರಾವ್ಯ ಶಾಲೆಯಿಂದ ಬರುವ ಹೊತ್ತಿಗೆ ಕಮಲಮ್ಮ ಜಗಲಿಯ ಮೂಲೆಯಲ್ಲಿ ಕೂತಿರುತ್ತಿದ್ದರು. ತೀರ್ಥಹಳ್ಳಿ ಕಡೆಯ ಆ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಆ ಮೂಲೆಯಲ್ಲಿ ಮಾತ್ರ.

"ಇವತ್ತೇನು ಬರ್ದಿದಾರೆ ನೋಡೇ."

ಬೆಂಗಳೂರಲ್ಲಿರುವ ಮೊಮ್ಮಗ ಸುಹಾಸ ಕಳಿಸಿದ ಲಿಂಕು, ಅಂಚೆಯಲ್ಲಿ ಬರುತ್ತಿರುವ ಪಾರ್ಸೆಲ್ ಎಲ್ಲಿದೆ ಅಂತ ತೋರಿಸುವುದು. ಹದಿಮೂರು ಅಕ್ಷರದ ನಂಬರು, ಕೊನೆಗೆ DE. ಜರ್ಮನಿಯಿಂದ ಹೊರಟಿದೆ ಅನ್ನೋದಕ್ಕೆ ಅದೇ ಗುರುತು. ಒಳಗಿರುವುದು ಅಜ್ಜನ ರೇಡಿಯೋದ ಗಾಜಿನ ವಾಲ್ವು. ಭದ್ರಾವತಿ ಕೇಂದ್ರ ಹಾಕಿಕೊಂಡು ಅಡಿಕೆ ಸುಲಿಯುತ್ತಿದ್ದವರು ಅಜ್ಜ. ಅವರು ಹೋಗುವುದಕ್ಕೂ ಎರಡು ವರ್ಷ ಮೊದಲೇ ಆ ರೇಡಿಯೋ ಬಾಯಿ ಮುಚ್ಚಿತ್ತು.

ಮೊದಲ ದಿನ ಶ್ರಾವ್ಯ ಪುಟವನ್ನು ಮೇಲಿನಿಂದ ಓದಿದಳು. ಬೆಂಗಳೂರು, ಮುಂಬೈ, ಫ್ರಾಂಕ್‌ಫರ್ಟ್.

"ಅಯ್ಯೋ, ವಾಪಸ್ ಹೋಯ್ತಲ್ಲೇ!"

ರಾತ್ರಿ ಸುಹಾಸ ಫೋನಿನಲ್ಲಿ ಬಿಡಿಸಿ ಹೇಳಿದ: "ಹೊಸದು ಮೇಲಿರುತ್ತೆ ಅಮ್ಮಮ್ಮಾ, ಕೆಳಗಿಂದ ಓದ್ಬೇಕು." ಅಂದಿನಿಂದ ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಸಾಲು ಸೇರಿತು. Bag Closed ಅಂದರೆ ಚೀಲ ಮುಚ್ಚಿದರು. Bag Opened ಅಂದರೆ ಚೀಲ ತೆರೆದರು. ಮತ್ತೆ ಮುಚ್ಚಿದರು. ಮತ್ತೆ ತೆರೆದರು.

"ಎಷ್ಟು ಸಲ ಬಿಚ್ಚಿ ನೋಡ್ತಾರೆ? ಗಾಜು ಅದು," ಎಂದು ಕಮಲಮ್ಮ ರಾತ್ರಿ ಊಟ ಅರ್ಧಕ್ಕೇ ಬಿಟ್ಟು ಎದ್ದರು. ನಡುವೆ ಒಂಬತ್ತು ದಿನ ಪುಟದಲ್ಲಿ ಒಂದು ಸಾಲೂ ಸೇರಲಿಲ್ಲ. Held by Customs ಅನ್ನುವುದೇ ಕೊನೆಯದು. "ಹಿಡಿದಿಟ್ಟಿದ್ದಾರೆ" ಎಂದು ಬರೆಯಲು ಅವರಿಗೆ ಕೈ ಬರಲಿಲ್ಲ. ಕ್ಯಾಲೆಂಡರಿನ ಆ ಮನೆಗಳು ಖಾಲಿಯೇ ಉಳಿದವು.

ಹತ್ತನೇ ದಿನ ಮಳೆ. ಪೋಸ್ಟಿನ ನಾಗರಾಜ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಡಬ್ಬಿ ತಂದ. ಜಗಲಿ ಮೇಲೆ ಇಡಲು ಹೋದವನನ್ನು ತಡೆದು ಕಮಲಮ್ಮ ಎರಡೂ ಕೈ ಚಾಚಿದರು.

"ಇದನ್ನ ಎಷ್ಟು ಸಲ ಬಿಚ್ಚಿದ್ರೋ, ಮಾರಾಯ?"

ಕ್ಯಾಲೆಂಡರ್ ನೋಡಿ ಅವನಿಗೆ ಅರ್ಥವಾಯಿತು. "ಚೀಲ ಅಂದ್ರೆ ನಮ್ಮ ಟಪಾಲಿನ ಗೋಣಿ, ಅಮ್ಮಾ. ನೂರಾರು ಸಾಮಾನು ಒಟ್ಟಿಗೆ ಇರ್ತವೆ. ಒಂದೊಂದು ಆಫೀಸಲ್ಲೂ ಸೀಲ್ ಒಡೆದು ವಿಂಗಡಿಸಿ ಮತ್ತೆ ಸೀಲ್ ಹಾಕ್ತಾರೆ. ನಿಮ್ಮ ಡಬ್ಬಿಗೆ ಯಾರೂ ಕೈ ಹಾಕಿಲ್ಲ. ಕಸ್ಟಮ್ಸ್‌ನವರು ಒಂದು ಸಲ ನೋಡಿದಾರೆ ಅಷ್ಟೇ, ಇಗೊಳ್ಳಿ ಅವರ ಟೇಪು."

ಕಮಲಮ್ಮ ಟೇಪಿನ ಮೇಲೆ ಬೆರಳಾಡಿಸಿದರು. ಗಟ್ಟಿಯಾಗಿಯೇ ಅಂಟಿಸಿದ್ದರು. ಸುಂಕ ಕಟ್ಟಿ, ಸಹಿ ಹಾಕಿ, ಅವನಿಗೆ ಕಾಫಿ ಕೊಟ್ಟರು. ಸುಹಾಸ ಬರುವುದು ಶನಿವಾರ. ಡಬ್ಬಿಯನ್ನು ಹಳೇ ಸೀರೆಯಲ್ಲಿ ಸುತ್ತಿ, ಅಕ್ಕಿ ಡ್ರಮ್ಮಿನೊಳಗೆ ಅಕ್ಕಿಯ ಮೇಲೆ ಮಲಗಿಸಿದರು.

ಸಂಜೆ ಶ್ರಾವ್ಯ ಓಡಿಬಂದು ಮೊಬೈಲಿಗೆ ಕೈ ಚಾಚಿದಳು. "ನೋಡ್ಲಾ ಅಜ್ಜಿ?"

"ನೋಡು," ಎಂದು ಕಮಲಮ್ಮ ಪೆನ್ನು ತರಲು ಒಳಗೆ ಹೋದರು.